ತಿಂಗಳ ಕಂತು ತಪ್ಪಿದವರಿಗೂ ಪಿಂಚಣಿ ಸಿಗಬೇಕಾದರೆ: ಬೆಂಗಳೂರಿನ ಗಿಗ್ ದುಡಿಮೆಯ ಲೆಕ್ಕ

ಗಿಗ್ ಕಾರ್ಮಿಕರ ಪಿಂಚಣಿ ಅಂದ ಕೂಡಲೇ ಮಾತು ಒಂದೇ ಕಡೆ ಹೋಗಿ ನಿಲ್ಲುತ್ತದೆ: ಕಂಪನಿ ಎಷ್ಟು ಕೊಡಬೇಕು, ಸರ್ಕಾರ ಎಷ್ಟು ಕೊಡಬೇಕು. ಇದು ಆಗಬೇಕಾದ ಜಗಳವೇ, ಬೇಡ ಅನ್ನುವುದಿಲ್ಲ. ಆದರೆ ಅದು ಇತ್ಯರ್ಥವಾಗುವ ಮೊದಲೇ ಪಿಂಚಣಿಯನ್ನು ಹಾಳು ಮಾಡುವ ಸಂಗತಿ ಇನ್ನೊಂದಿದೆ. ನಮ್ಮ ಯೋಜನೆಗಳೆಲ್ಲ ಸಂಬಳದಾರರ ತಿಂಗಳನ್ನು ನೋಡಿಕೊಂಡು ಹೆಣೆದವು. ತಿಂಗಳಿಗೊಂದು ಕಂತು, ಅಷ್ಟೇ ಮೊತ್ತ, 60 ತುಂಬುವವರೆಗೆ. ವಾರಕ್ಕೊಮ್ಮೆ ದುಡ್ಡು ಬರುವ, ಅದೂ ಒಂದು ವಾರ ಜಾಸ್ತಿ ಒಂದು ವಾರ ಕಮ್ಮಿ ಬರುವ ಜನರಿಗೆ ಈ ಲೆಕ್ಕ ಕೂಡುವುದಿಲ್ಲ.

ಒಬ್ಬನ ಉದಾಹರಣೆ ಇಟ್ಟುಕೊಂಡು ನೋಡೋಣ. ಹೆಸರು ಮಂಜುನಾಥ ಅಂತಿರಲಿ. ಅರಸೀಕೆರೆ ಕಡೆಯವನು, ವಯಸ್ಸು 30, ಬನಶಂಕರಿ ಸುತ್ತಮುತ್ತ ಬೈಕಿನಲ್ಲಿ ಡೆಲಿವರಿ ಮಾಡುತ್ತಾನೆ. ಇವನು ಕಾಲ್ಪನಿಕ, ಆದರೆ ಇವನ ವರ್ಷ ಈ ಊರಿನ ಸಾವಿರಾರು ಜನರ ವರ್ಷದ ಹಾಗೇ ಇದೆ. ಐದು ತಿಂಗಳು ಮಳೆ, ಹಬ್ಬ, ಇನ್ಸೆಂಟಿವ್ ಎಲ್ಲ ಕೂಡಿಬಂದು 28,000 ರೂಪಾಯಿ ಕೈಗೆ ಬರುತ್ತದೆ. ನಾಲ್ಕು ತಿಂಗಳು 22,000. ರಾಗಿ ಕೊಯ್ಲಿಗೆ ಅಂತ ಊರಿಗೆ ಹೋದ ತಿಂಗಳು, ಮನೆಯ ಮದುವೆಗೆ ಓಡಾಡಿದ ತಿಂಗಳು, ಈ ಎರಡರಲ್ಲಿ ತಲಾ 14,000. ಬೈಕಿನಿಂದ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಂದು ತಿಂಗಳು ಪೂರ್ತಿ ಸೊನ್ನೆ. ವರ್ಷಕ್ಕೆ ಒಟ್ಟು 2,56,000 ರೂಪಾಯಿ. ಪೆಟ್ರೋಲು, ಬೈಕಿನ ಇಎಂಐ, ಸರ್ವಿಸ್ ಎಲ್ಲ ಇದರಲ್ಲೇ ಆಗಬೇಕು.

ಬ್ಯಾಂಕಿನವರು ಹೇಳಿದರು ಅಂತ ಮಂಜುನಾಥ ಅಟಲ್ ಪಿಂಚಣಿ ಯೋಜನೆಗೆ ಸೇರಿದ. 2015ರಲ್ಲಿ ಶುರುವಾದ ಯೋಜನೆ ಇದು. 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಕಟ್ಟದ ಯಾರು ಬೇಕಾದರೂ ಸೇರಬಹುದು. 30ನೇ ವಯಸ್ಸಿನಲ್ಲಿ ಸೇರಿ ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಹೋದರೆ 60ರ ನಂತರ ತಿಂಗಳಿಗೆ 5,000 ಖಾತ್ರಿ. ಅವನ ನಂತರ ಹೆಂಡತಿಗೂ ಅಷ್ಟೇ ಬರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ?

ಕಾಲು ಮುರಿದ ತಿಂಗಳು ಖಾತೆಯಲ್ಲಿ ದುಡ್ಡಿರಲಿಲ್ಲ, ಕಂತು ಹೋಗಲಿಲ್ಲ. ಮುಂದಿನ ತಿಂಗಳು ಕೈಸಾಲ ತೀರಿಸಿದ, ಆಗಲೂ ಹೋಗಲಿಲ್ಲ. ಅದರ ಮುಂದಿನ ತಿಂಗಳು ಬಾಡಿಗೆ ಬಾಕಿ. ಹೀಗೆ ಮೂರು ಕಂತು ನಿಂತವು. ನಾಲ್ಕನೇ ತಿಂಗಳು ಒಂದು ವಾರದ ದುಡಿಮೆ 6,000 ರೂಪಾಯಿ ಖಾತೆಗೆ ಬಿದ್ದದ್ದೇ ತಡ, ಹಳೇ ಬಾಕಿಯೂ ಸೇರಿ ನಾಲ್ಕು ಕಂತು ಒಟ್ಟಿಗೆ ಕಟ್ ಆಯ್ತು. 2,308 ರೂಪಾಯಿ, ಮೇಲೆ ತಡವಾದದ್ದಕ್ಕೆ ಬಡ್ಡಿ. ಆ ಬಡ್ಡಿ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿಯ ಲೆಕ್ಕ, ಅದು ಬಿಡಿ, ಚಿಲ್ಲರೆ. ಆದರೆ ಬಾಡಿಗೆಗೆ ಅಂತ ಎತ್ತಿಟ್ಟ ವಾರದ ದುಡ್ಡಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು.

ಮಂಜುನಾಥ ಆಮೇಲೆ ಮಾಡುವ ಕೆಲಸ ಊಹಿಸಲು ಕಷ್ಟವಿಲ್ಲ. ಆ್ಯಪಿನಲ್ಲಿ ಬೇರೆ ಬ್ಯಾಂಕಿನ ಖಾತೆ ಹಾಕುತ್ತಾನೆ. ಹಳೇ ಖಾತೆ ಖಾಲಿ ಬಿಡುತ್ತಾನೆ. ಪಿಂಚಣಿ ಖಾತೆ ಕಾಗದದ ಮೇಲೆ ಇರುತ್ತದೆ, ಒಳಗೆ ದುಡ್ಡು ಬೆಳೆಯುವುದಿಲ್ಲ. ಇದಕ್ಕೆ ಅವನ ಬೇಜವಾಬ್ದಾರಿ ಕಾರಣ ಅಂತ ನಾನು ಒಪ್ಪುವುದಿಲ್ಲ. ವರ್ಷಕ್ಕೆ 577ರ ಹನ್ನೆರಡು ಕಂತು ಅಂದರೆ 6,924 ರೂಪಾಯಿ, ಅವನ ದುಡಿಮೆಯ ಮೂರು ಪರ್ಸೆಂಟೂ ಆಗುವುದಿಲ್ಲ. ವರ್ಷದ ಲೆಕ್ಕದಲ್ಲಿ ಕಟ್ಟುವ ಶಕ್ತಿ ಇದೆ. ಆ ನಿರ್ದಿಷ್ಟ ತಿಂಗಳಿನಲ್ಲಿ ಇಲ್ಲ, ಅಷ್ಟೇ. ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆ ಅಟಲ್ ಪಿಂಚಣಿಯಲ್ಲಿ ಇದೆ. ಆದರೆ ಅಲ್ಲೂ ಮೊತ್ತ ಗಟ್ಟಿ, ತಪ್ಪಿದರೆ ಬಾಕಿ ಗಟ್ಟಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 30 ವರ್ಷದ ನಂತರದ 5,000 ಈಗಿನ 5,000 ಅಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಅದು ಈಗಿನ ಸುಮಾರು 1,160 ರೂಪಾಯಿಗೆ ಸಮ. ತಿಂಗಳಿಗೆ 15,000ದೊಳಗೆ ದುಡಿಯುವವರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಯ 3,000 ಇನ್ನೂ ಇಳಿದು 700ರ ಆಸುಪಾಸಿಗೆ ಬರುತ್ತದೆ. ಅದರಲ್ಲಿ ಕಾರ್ಮಿಕ ಕಟ್ಟಿದಷ್ಟನ್ನೇ ಸರ್ಕಾರವೂ ಹಾಕುತ್ತದೆ, ಒಳ್ಳೇದೇ. ಆದರೆ ಎರಡರಲ್ಲೂ ಪಿಂಚಣಿ ಬೆಲೆಯೇರಿಕೆ ಜೊತೆ ಏರುವುದಿಲ್ಲ.

ಪುಡಿ ಆದಾಯದಿಂದ ದುಡ್ಡು ಎತ್ತುವುದು ಹೇಗೆ ಅನ್ನುವ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಹಳೇ ಉತ್ತರವೊಂದಿದೆ. 1928ರಲ್ಲಿ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿತು. ಏಜೆಂಟ್ ದಿನಾ ಅಂಗಡಿ ಬಾಗಿಲಿಗೆ ಬರುತ್ತಾನೆ, ಆಣೆಗಳ ಲೆಕ್ಕದಲ್ಲಿ ಅವತ್ತಿನ ವ್ಯಾಪಾರದಿಂದ ಅವತ್ತೇ ಎತ್ತಿಕೊಂಡು ಹೋಗುತ್ತಾನೆ. ಈಗಲೂ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಸಹಕಾರಿ ಸಂಘಗಳ ಪಿಗ್ಮಿ ಏಜೆಂಟರು ಸಂಜೆ ಸುತ್ತುತ್ತಾರೆ. ದುಡ್ಡು ಬಂದ ಹೊತ್ತಿನಲ್ಲೇ ಎತ್ತಬೇಕು ಅನ್ನುವುದನ್ನು ಅವರು ನೂರು ವರ್ಷದ ಹಿಂದೆಯೇ ಹಿಡಿದಿದ್ದರು. ಪಿಗ್ಮಿ ಮುಪ್ಪಿನ ಆಸರೆ ಆಗಲಿಲ್ಲ, ಅದು ಬೇರೆ ಮಾತು. ಬಡ್ಡಿಯ ದೊಡ್ಡ ಭಾಗ ಏಜೆಂಟರ ಕಮಿಷನ್ನಿಗೆ ಹೋಗುತ್ತದೆ. ಕೈಗೆ ಬಂದ ಗಂಟು ಮಗಳ ಫೀಸಿಗೋ ಅಂಗಡಿ ಅಡ್ವಾನ್ಸಿಗೋ ಖರ್ಚಾಗುತ್ತದೆ.

ಈಗ ಕರ್ನಾಟಕದ ಹೊಸ ಕಾನೂನಿಗೆ ಬರೋಣ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ, 2025ರದ್ದು. ಇದರಲ್ಲಿ ಕಾರ್ಮಿಕನಿಗೆ ಕಂಪನಿ ಮಾಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಬಹುದು. ಶುಲ್ಕ ಕಟ್ಟಬೇಕಾದದ್ದು ಕಂಪನಿ. ಕಾರ್ಮಿಕನಿಗೆ ಎಲ್ಲ ಆ್ಯಪುಗಳಿಗೂ ಸೇರಿ ಒಂದೇ ಗುರುತಿನ ಸಂಖ್ಯೆ. ಪಾವತಿಯನ್ನೂ ಶುಲ್ಕವನ್ನೂ ತಾಳೆ ನೋಡಲು ಒಂದು ಡಿಜಿಟಲ್ ವ್ಯವಸ್ಥೆ. ಜನ ಇದನ್ನು ಅಪಘಾತ ವಿಮೆಯ ಕಾನೂನು ಅಂತ ನೋಡುತ್ತಿದ್ದಾರೆ. ನನಗೆ ಇದರಲ್ಲಿ ಕಾಣುವುದು ಪಿಗ್ಮಿ ಏಜೆಂಟ್. ಪ್ರತಿ ಆರ್ಡರಿನಲ್ಲೂ ಆ ಹೊತ್ತಿಗೇ ಒಂದು ಪಾಲು ಎತ್ತಿಡುವ ದಾರಿ ಕಾನೂನಿನಲ್ಲೇ ಬಂದಿದೆ. ಸೊನ್ನೆ ತಿಂಗಳಿನಲ್ಲಿ ಶುಲ್ಕವೂ ಸೊನ್ನೆ, ಬಾಕಿ ಅನ್ನುವ ಮಾತೇ ಇಲ್ಲ.

ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿ ಪಾಸಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಅದರ ಲೆಕ್ಕ ಬೇರೆ. ಅಲ್ಲಿ ಕಂಪನಿ ತನ್ನ ವಾರ್ಷಿಕ ವಹಿವಾಟಿನ ಶೇ 1ರಿಂದ 2 ಕೊಡಬೇಕು, ಕಾರ್ಮಿಕರಿಗೆ ಕೊಟ್ಟ ಹಣದ ಶೇ 5ನ್ನು ಅದು ದಾಟಬಾರದು. ದುಡ್ಡು ಎತ್ತಲು ಇದು ಸಲೀಸು. ಆದರೆ ಕಂಪನಿಯ ವಹಿವಾಟಿನಲ್ಲಿ ಮಂಜುನಾಥನ ಪಾಲು ಯಾವುದು ಅಂತ ಗುರುತು ಹಚ್ಚಲು ಆಗುವುದಿಲ್ಲ. ಪಾವತಿಯ ಮೇಲೆ ಲೆಕ್ಕ ಹಾಕಿದರೆ ಆಗುತ್ತದೆ. ಪಿಂಚಣಿಯ ದೃಷ್ಟಿಯಿಂದ ಕರ್ನಾಟಕದ ದಾರಿ ಮೇಲು ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಹಾಗಾದರೆ ಎಷ್ಟು ಪಿಂಚಣಿ ಬಂದೀತು? ಮಂಜುನಾಥನ 2,56,000ದ ಮೇಲೆ ಶೇ 1 ಅಂದರೆ ವರ್ಷಕ್ಕೆ 2,560 ರೂಪಾಯಿ. ಅವನ ದುಡಿಮೆ ಬೆಲೆಯೇರಿಕೆಯಷ್ಟೇ ಏರುತ್ತಾ ಹೋಗಲಿ. ನಿಧಿ ಬೆಲೆಯೇರಿಕೆಗಿಂತ ಶೇ 3ರಷ್ಟು ಹೆಚ್ಚು ಬೆಳೆಯಲಿ. ಇದೆಲ್ಲ ಈಗಿನ ರೂಪಾಯಿಯ ಲೆಕ್ಕ. 30 ವರ್ಷಕ್ಕೆ ಸುಮಾರು 1,24,000 ಕೂಡುತ್ತದೆ. 60ರಿಂದ 80ರವರೆಗೆ ಅದನ್ನು ಹಂಚಿಕೊಂಡು ತಿಂದರೆ ತಿಂಗಳಿಗೆ 690 ರೂಪಾಯಿ. ಶುಲ್ಕ ಶೇ 5 ಆಗಿ ಪೂರ್ತಿ ಪಿಂಚಣಿಗೇ ಹೋದರೆ ಸುಮಾರು 6,22,000, ತಿಂಗಳಿಗೆ 3,450.

ಪೂರ್ತಿ ಪಿಂಚಣಿಗೆ ಹೋಗುವುದಿಲ್ಲ. ಅಪಘಾತ, ಆಸ್ಪತ್ರೆ, ಹೆರಿಗೆ, ಮಕ್ಕಳ ಓದು ಎಲ್ಲವೂ ಅದೇ ನಿಧಿಯ ಬಾಗಿಲಿಗೆ ಬರುತ್ತವೆ. ಅವು ಈಗಲೇ ಬೇಕಾದ ಖರ್ಚುಗಳು, ಮುಪ್ಪು ಮೂವತ್ತು ವರ್ಷ ದೂರ. ಹಾಗಾಗಿ ಮೀಸಲಿಡದಿದ್ದರೆ ಪಿಂಚಣಿಗೆ ಉಳಿಯುವುದು ತಳದ ಚೂರು. ನನ್ನ ಲೆಕ್ಕದಲ್ಲಿ ಪಾವತಿಯ ಶೇ 3 ಪಿಂಚಣಿಗೇ ಅಂತ ಬೇರೆ ಇಡಬೇಕು, ಅಷ್ಟೇ ಪಾಲು ಕಾರ್ಮಿಕನಿಂದಲೂ ಬರಬೇಕು. ಆಗ ತಿಂಗಳಿಗೆ 4,100ರ ಹತ್ತಿರ ಬರುತ್ತದೆ. ಕಾರ್ಮಿಕನ ಪಾಲನ್ನು ವಾರದ ಗಳಿಕೆ ಒಂದು ಮಟ್ಟ ದಾಟಿದಾಗ ಮಾತ್ರ ಹಿಡಿಯಬಹುದು. 5,000 ಅಂತ ಇಟ್ಟುಕೊಂಡರೆ, 7,000 ಬಂದ ವಾರ 210 ರೂಪಾಯಿ ಹೋಗುತ್ತದೆ, 3,500 ಬಂದ ವಾರ ಏನೂ ಹೋಗುವುದಿಲ್ಲ. ಅಂಥ ವಾರಗಳ ಕೊರತೆಯಿಂದ ಆ 4,100 ಸ್ವಲ್ಪ ಇಳಿಯುತ್ತದೆ, ಇಳಿಯಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸರಿಯಾದದ್ದೇ. ಡೆಲಿವರಿಯನ್ನು ಯಾರು ಸ್ವಾಮಿ 30 ವರ್ಷ ಮಾಡುತ್ತಾರೆ? ಬೆನ್ನು ಹಿಡಿಯುತ್ತದೆ, ಮಂಡಿ ಹೋಗುತ್ತದೆ. ಆರು ವರ್ಷ ಮಾಡಿ ಮಂಜುನಾಥ ಊರಿಗೆ ಹೋಗಿ ಅಂಗಡಿ ಇಡಬಹುದು, ಗೂಡ್ಸ್ ಆಟೋ ಓಡಿಸಬಹುದು.

ಸರಿ, ಆರೇ ವರ್ಷ ಅಂತ ಲೆಕ್ಕ ಹಾಕೋಣ. 30ರಿಂದ 36ರವರೆಗೆ ಶೇ 5 ಬಿದ್ದು, ಆಮೇಲೆ ಒಂದು ಪೈಸೆಯೂ ಬೀಳದೆ 24 ವರ್ಷ ಸುಮ್ನೆ ಬೆಳೆದರೆ 60ರಲ್ಲಿ 1,72,000 ಆಗಿರುತ್ತದೆ. ತಿಂಗಳಿಗೆ ಸುಮಾರು 950 ರೂಪಾಯಿ. ಅಂದರೆ ಐದನೇ ಒಂದು ಭಾಗದ ಕಾಲ ದುಡಿದು, ಪೂರ್ತಿ ಪಿಂಚಣಿಯ ಕಾಲು ಭಾಗಕ್ಕಿಂತ ಜಾಸ್ತಿ ಬಂತು. ವಯಸ್ಸಿನ ಹುಡುಗರು ಹಾಕಿದ ದುಡ್ಡಿಗೆ ಬೆಳೆಯಲು ಕಾಲ ಸಿಗುತ್ತದೆ. ಗಿಗ್ ದುಡಿಮೆಯ ವರ್ಷಗಳು ಹೆಚ್ಚಾಗಿ ಈ ವಯಸ್ಸಿನವೇ. ಅದನ್ನು ಕಳೆದುಕೊಳ್ಳದೆ ಅವನ ಹೆಸರಿನಲ್ಲೇ ಉಳಿಸಿಕೊಳ್ಳುವುದರಲ್ಲಿ ಅರ್ಧ ಗೆಲುವಿದೆ.

ಕಳೆದುಹೋಗುವ ದಾರಿ ಸುಲಭ. ಇಪಿಎಫ್ ಜೊತೆಗಿರುವ 1995ರ ನೌಕರರ ಪಿಂಚಣಿ ಯೋಜನೆಯನ್ನೇ ನೋಡಿ. ಅಲ್ಲಿ 10 ವರ್ಷದ ಸೇವೆ ಇಲ್ಲದಿದ್ದರೆ ತಿಂಗಳ ಪಿಂಚಣಿ ಇಲ್ಲ. ದುಡ್ಡು ವಾಪಸ್ ತಗೊಳ್ಳಬಹುದು, ಅಥವಾ ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳಲು ಸರ್ಟಿಫಿಕೇಟ್ ಇಟ್ಟುಕೊಳ್ಳಬಹುದು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ ಬಿಟ್ಟವರು ಹೆಚ್ಚಾಗಿ ಏನು ಮಾಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು: ವಾಪಸ್ ತಗೊಳ್ಳುತ್ತಾರೆ. ಕೇಂದ್ರ ಸಂಹಿತೆಯ ಕರಡು ನಿಯಮಗಳಲ್ಲೂ ಒಂದು ಕಂಪನಿಗೆ ವರ್ಷಕ್ಕೆ 90 ದಿನ ದುಡಿದಿರಬೇಕು ಅನ್ನುವ ಷರತ್ತು ಬಂದಿದೆ. ಅಪಘಾತ ವಿಮೆಗೆ ಅಂಥ ಗೆರೆ ಇರಲಿ. ಪಿಂಚಣಿಗೆ ಬೇಡ. 80 ದಿನ ದುಡಿದವನ ಆರ್ಡರಿನಿಂದಲೂ ಶುಲ್ಕ ಹೋಗಿರುತ್ತದೆಯಲ್ಲ?

ಜರ್ಮನಿಯ ಸಾರ್ವಜನಿಕ ಪಿಂಚಣಿಯಲ್ಲಿ ಪಾಯಿಂಟ್ ಲೆಕ್ಕ ಇದೆ. ದೇಶದ ಸರಾಸರಿ ಸಂಬಳವನ್ನು ಒಂದು ವರ್ಷ ದುಡಿದರೆ ಒಂದು ಪಾಯಿಂಟ್, ಅರ್ಧ ದುಡಿದರೆ ಅರ್ಧ ಪಾಯಿಂಟ್. ಮೂರು ತಿಂಗಳು ದುಡಿದದ್ದೂ ಚೂರಾಗಿ ಖಾತೆಗೆ ಸೇರುತ್ತದೆ. ನಿವೃತ್ತಿಯಾಗುವಾಗ ಪಾಯಿಂಟುಗಳನ್ನು ಆ ಹೊತ್ತಿನ ದರಕ್ಕೆ ಗುಣಿಸುತ್ತಾರೆ. ಅಲ್ಲೂ ಕನಿಷ್ಠ 5 ವರ್ಷದ ಷರತ್ತು ಇದೆ, ಆದರೆ ಯಾವ ಕೆಲಸದ ವರ್ಷವಾದರೂ ಅದಕ್ಕೆ ಸೇರುತ್ತದೆ. ಬ್ರೆಜಿಲ್‌ನಲ್ಲಿ ಸಣ್ಣ ಸ್ವಉದ್ಯೋಗಿಗಳಿಗೆ ಎಂಇಐ ಅನ್ನುವ ಸರಳ ಯೋಜನೆ ಇದೆ. ಕನಿಷ್ಠ ವೇತನದ ಶೇ 5 ಮತ್ತು ಸ್ವಲ್ಪ ತೆರಿಗೆಯನ್ನು ಒಂದೇ ಚಲನ್‌ನಲ್ಲಿ ತಿಂಗಳಿಗೊಮ್ಮೆ ಕಟ್ಟಿದರೆ ಪಿಂಚಣಿಗೆ ಹಕ್ಕು. ಕೋಟಿಗಟ್ಟಲೆ ಜನ ನೋಂದಾಯಿಸಿದರು. ಆದರೆ ತಿಂಗಳ ಚಲನ್ ತಪ್ಪಿಸುವವರು ಅಲ್ಲೂ ಬಹಳ, ತಪ್ಪಿದ ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿ ಸುಲಭ ಮಾಡಿದ ಮಾತ್ರಕ್ಕೆ ಕಂತು ಸುಲಭವಾಗಲಿಲ್ಲ.

ಇಷ್ಟು ಹೊತ್ತು ನಾನು ಉಳಿತಾಯದ ಭಾಷೆಯಲ್ಲೇ ಮಾತಾಡಿದೆ. ಸಾಮಾಜಿಕ ವಿಮೆಗೂ ಸ್ವಂತ ಉಳಿತಾಯಕ್ಕೂ ವ್ಯತ್ಯಾಸ ಬರುವುದು 80ನೇ ವಯಸ್ಸಿನಲ್ಲಿ. ನನ್ನ ಲೆಕ್ಕದಲ್ಲಿ ಮಂಜುನಾಥನ ಗಂಟು 80ಕ್ಕೆ ಖಾಲಿ. ಅವನು 90ರವರೆಗೆ ಬದುಕಿದರೆ? ಲಕ್ಷಾಂತರ ಜನರ ನಿಧಿ ಒಟ್ಟಿಗಿದ್ದರೆ, ಬೇಗ ಹೋದವರ ಪಾಲು ಜಾಸ್ತಿ ಬದುಕಿದವರಿಗೆ ಆಗುತ್ತದೆ, ಪಿಂಚಣಿ ಜೀವ ಇರುವವರೆಗೂ ನಡೆಯುತ್ತದೆ. ಕಾಲು ಮುರಿದ ತಿಂಗಳಿಗೆ ಸಾಮೂಹಿಕ ನಿಧಿಯಿಂದ ಒಂದಿಷ್ಟು ಪಾಯಿಂಟ್ ತುಂಬಿಸಬಹುದು. ಒಂಟಿ ಉಳಿತಾಯ ಖಾತೆಗೆ ಇದು ಯಾವುದೂ ಆಗುವುದಿಲ್ಲ. ಹಾಗಾಗಿ ಎತ್ತುವ ಲೆಕ್ಕ ಒಬ್ಬೊಬ್ಬರ ಹೆಸರಿನಲ್ಲಿ ಇರಬೇಕು, ಕೊಡುವ ನಿಧಿ ಒಟ್ಟಿಗೆ ಇರಬೇಕು.

ಹೆಸರಿನ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಟ್ಟಡ ಕಾರ್ಮಿಕರ ಅನುಭವ ಇದೆ. 1996ರ ಕಾನೂನಿನಂತೆ ಕಟ್ಟಡದ ವೆಚ್ಚದ ಮೇಲೆ ಶೇ 1 ಸೆಸ್ ಬರುತ್ತಿತ್ತು. ದೇಶದಾದ್ಯಂತ ಸಾವಿರಾರು ಕೋಟಿ ಕೂಡಿ ಖರ್ಚಾಗದೆ ಬಿದ್ದಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿಯೇ ಟೀಕಿಸಿತು. ಸೆಸ್ ಬಂದದ್ದು ಕಟ್ಟಡದಿಂದ. ಸೌಲಭ್ಯ ಸಿಕ್ಕಿದ್ದು ಲೇಬರ್ ಕಾರ್ಡ್ ಇದ್ದವರಿಗೆ. ಆ ಕಾರ್ಡಿಗೆ 90 ದಿನ ದುಡಿದ ಪ್ರಮಾಣಪತ್ರ ಬೇಕು. ಎರಡರ ನಡುವೆ ದಾರವೇ ಇರಲಿಲ್ಲ. ಹಾಗಾಗಿ ಗಾರೆ ಹಿಡಿದವರಿಗೆ ಕಾರ್ಡ್ ಇಲ್ಲ, ಗಾರೆಯನ್ನೇ ಮುಟ್ಟದವರ ಹತ್ತಿರ ಕಾರ್ಡ್ ಇದೆ ಅನ್ನುವ ಸ್ಥಿತಿ ನಮ್ಮ ರಾಜ್ಯದಲ್ಲೂ ಬಂತು. ಕಾರ್ಮಿಕ ಇಲಾಖೆ ಬೋಗಸ್ ಕಾರ್ಡುಗಳನ್ನು ರದ್ದು ಮಾಡುತ್ತಾ ಕೂರಬೇಕಾಯಿತು. ಕರ್ನಾಟಕದ ಹೊಸ ಕಾಯ್ದೆಯ ಗಿಗ್ ಮಂಡಳಿಯ ಹತ್ತಿರ ಆ ದಾರ ಹುಟ್ಟಿನಿಂದಲೇ ಇದೆ, ಅದನ್ನು ಪಿಂಚಣಿಗೆ ಕಟ್ಟಬೇಕು. ಕಟ್ಟಿದ್ದಾರೋ ಇಲ್ಲವೋ ಅಂತ ಗೊತ್ತಾಗುವುದು ಹೀಗೆ: ಮಂಜುನಾಥ ತನ್ನ ಸಂಖ್ಯೆ ಹಾಕಿ ನೋಡಿದಾಗ "ಈ ವರ್ಷ ನಿಮ್ಮ ದುಡಿಮೆಯ ಮೇಲೆ ಇಷ್ಟು ಶುಲ್ಕ ಬಂದಿದೆ, ಅದರಲ್ಲಿ ಇಷ್ಟು ನಿಮ್ಮ ಪಿಂಚಣಿಗೆ" ಅಂತ ಕಾಣಬೇಕು. ನೋಂದಣಿ ಸಂಖ್ಯೆಯೂ ಯೋಜನೆಗಳ ಪಟ್ಟಿಯೂ ಮಾತ್ರ ಕಂಡರೆ ಅದು ಇನ್ನೊಂದು ಲೇಬರ್ ಕಾರ್ಡ್.

ಆ್ಯಪ್ ಇಲ್ಲದ ಸ್ವಉದ್ಯೋಗಿಗಳ ಕಥೆ ಕಷ್ಟದ್ದು. ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಮಾರುವವರಿಗೆ ಪಾವತಿ ಮಾಡುವ ಒಬ್ಬ ಕಂಪನಿ ಇಲ್ಲ. ಕ್ಯೂಆರ್ ಕೋಡಿಗೆ ಬಿದ್ದ ದುಡ್ಡಿನಿಂದ ಶೇ 1 ಎತ್ತಿಬಿಡೋಣ ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಮಾಡಿ ನೋಡಿ. ದಿನಕ್ಕೆ 3,000 ವ್ಯಾಪಾರ, ಹೂವಿನ ದುಡ್ಡು, ಆಟೋ ಬಾಡಿಗೆ ಕಳೆದು ಉಳಿಯುವುದು 500. ವ್ಯಾಪಾರದ ಶೇ 1 ಅಂದರೆ 30 ರೂಪಾಯಿ, ಉಳಿಕೆಯ ಶೇ 6. ಮಾರನೇ ದಿನವೇ ಕ್ಯೂಆರ್ ಫಲಕ ಮಾಯವಾಗಿ "ಕ್ಯಾಶ್ ಕೊಡಿ ಅಕ್ಕಾ" ಅಂತಾರೆ, ನೋಡ್ತಾ ಇರಿ.

ಫ್ರೀಲಾನ್ಸ್ ಮಾಡುವ ಚಿತ್ರಕಾರರು, ಬರಹಗಾರರು, ಸಂಗೀತದವರಿಗೆ ಜರ್ಮನಿ 1983ರಿಂದ ಕಲಾವಿದರ ಸಾಮಾಜಿಕ ನಿಧಿಯೊಂದನ್ನು ನಡೆಸುತ್ತಿದೆ. ಅವರ ಪಾಲು ಅರ್ಧ. ಉಳಿದ ಅರ್ಧದಲ್ಲಿ ಒಟ್ಟು ಕಂತಿನ ಶೇ 30 ಅವರಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳದ್ದು, ಶೇ 20 ಸರ್ಕಾರದ್ದು. ಮುಂದಿನ ವರ್ಷದ ಆದಾಯವನ್ನು ಕಲಾವಿದರೇ ಅಂದಾಜು ಮಾಡಿ ಹೇಳುತ್ತಾರೆ, ಕಂತು ಅದರ ಮೇಲೆ. ಆದಾಯ ಕನಿಷ್ಠ ಮಿತಿಗಿಂತ ಕೆಳಗೆ ಹೋದರೂ ಆರು ವರ್ಷದಲ್ಲಿ ಎರಡು ಸಲ ಕ್ಷಮೆ ಇದೆ. ಬೆಂಗಳೂರಿನ ಡಿಸೈನರ್, ಅನುವಾದಕ, ವಿಡಿಯೋ ಎಡಿಟರ್‌ಗಳಿಗೆ ಈ ಮಾದರಿ ಹೊಂದುತ್ತದೆ, ಯಾಕೆಂದರೆ ಅವರಿಗೆ ಬಿಲ್ ಪಾವತಿ ಮಾಡುವ ಸಂಸ್ಥೆ ಇರುತ್ತದೆ. ಹೂವಿನವರಿಗೆ ಹೊಂದುವುದಿಲ್ಲ. ಅವರ ಎರಡನೇ ಪಾಲನ್ನು ಸರ್ಕಾರವೇ ಹಾಕಬೇಕಾಗುತ್ತದೆ, ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಅಲ್ಲಿಯೂ ಒಂದು ತೊಡಕಿದೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ, ಕಂತು ಕಟ್ಟಬೇಕಿಲ್ಲ, ಆದರೆ ಆದಾಯದ ಮಿತಿ ಇದೆ. ಆರು ವರ್ಷ ದುಡಿದು 950 ರೂಪಾಯಿ ಪಿಂಚಣಿ ಗಳಿಸಿದ ಮಂಜುನಾಥನಿಗೆ, ಆ 950ರ ಕಾರಣಕ್ಕೇ ಈ 1,200 ತಪ್ಪಿದರೆ ಅವನು ಕಟ್ಟದೇ ಇದ್ದವನಿಗಿಂತ 250 ರೂಪಾಯಿ ಹಿಂದೆ ಬೀಳುತ್ತಾನೆ. ಕಂತಿನ ಪಿಂಚಣಿಯನ್ನು ಒಂದು ಮೊತ್ತದವರೆಗೆ, ಉದಾಹರಣೆಗೆ ಮೊದಲ 2,000ದವರೆಗೆ, ಆದಾಯದ ಲೆಕ್ಕದಿಂದ ಹೊರಗಿಡಬೇಕು. ಇದನ್ನು ಕಂತು ಹಿಡಿಯಲು ಶುರು ಮಾಡುವ ದಿನವೇ ನಿಯಮದಲ್ಲಿ ಬರೆಯಬೇಕು. ಕಾರ್ಮಿಕರ ಗುಂಪುಗಳಲ್ಲಿ ಮೊದಲು ಬರುವ ಪ್ರಶ್ನೆ ಇದೇ ಆಗಿರುತ್ತದೆ, ಯಾಕೆಂದರೆ ಊರಿನಲ್ಲಿ ಅವರ ತಂದೆ ತಾಯಿ ಈಗ ಆ 1,200 ತಗೊಳ್ಳುತ್ತಿರುತ್ತಾರೆ.